ಮೂರು ಕರೆನ್ಸಿಗಳ ನಡುವೆ ತಡವಾಗಿ ಉಳಿದ ಒಂದು ದರ

ಒಂದು ಯೂರೋಗೆ ಎಷ್ಟು ಯೆನ್ ಎಂದು ತಿಳಿಯಲು ಎರಡು ದಾರಿಗಳಿವೆ. ಯೂರೋ-ಯೆನ್ ದರವನ್ನೇ ನೇರವಾಗಿ ನೋಡಬಹುದು. ಇಲ್ಲವಾದರೆ ಒಂದು ಯೂರೋಗೆ ಎಷ್ಟು ಡಾಲರ್, ಒಂದು ಡಾಲರ್‌ಗೆ ಎಷ್ಟು ಯೆನ್ ಎಂದು ನೋಡಿಕೊಂಡು ಎರಡನ್ನೂ ಗುಣಿಸಬಹುದು. ಎರಡು ದಾರಿಗಳಲ್ಲೂ ಸಿಗುವ ಉತ್ತರ ಒಂದೇ ಆಗಿರಬೇಕು:

```
EUR/JPY = EUR/USD × USD/JPY
```

ಹೀಗೇ ಇರಬೇಕು ಎಂದು ಯಾವ ಕಾನೂನೂ ಹೇಳುವುದಿಲ್ಲ. ಯೂರೋ-ಡಾಲರ್ ಕೊಳ್ಳುವವರು ಬೇರೆ, ಡಾಲರ್-ಯೆನ್ ಕೊಳ್ಳುವವರು ಬೇರೆ. ಮೂರು ಜೋಡಿಗಳಿಗೂ ಕೊಳ್ಳುವ, ಮಾರುವ ಬೇಡಿಕೆಗಳ ಪ್ರತ್ಯೇಕ ಪಟ್ಟಿಗಳು, ಅಂದರೆ ಆರ್ಡರ್ ಪುಸ್ತಕಗಳಿವೆ, ಪ್ರತಿ ದರವೂ ತನ್ನ ಪಾಡಿಗೆ ತಾನು ಏರಿಳಿಯುತ್ತದೆ. ಆದರೂ ಹಗಲು ರಾತ್ರಿ ಯಾವ ಹೊತ್ತಿನಲ್ಲಿ ಗುಣಿಸಿ ನೋಡಿದರೂ ಈ ಸಮೀಕರಣ ಹೆಚ್ಚುಕಮ್ಮಿ ಸರಿಯಾಗಿಯೇ ಬರುತ್ತದೆ. ಎಲ್ಲೋ ಒಮ್ಮೆ ತಪ್ಪಿದಾಗ ಮೂರು ಕರೆನ್ಸಿಗಳ ಸುತ್ತ ಒಂದು ಸುತ್ತು ಹಾಕಿ ಲಾಭ ಮಾಡಿಕೊಳ್ಳುವುದಕ್ಕೆ ತ್ರಿಕೋನ ಆರ್ಬಿಟ್ರೇಜ್ ಎನ್ನುತ್ತಾರೆ. ಆರ್ಬಿಟ್ರೇಜ್ ಮಾಡುವವರು ಬಿರುಕನ್ನು ಕಂಡ ತಕ್ಷಣ ಮುಗಿಬಿದ್ದು ಮುಚ್ಚುತ್ತಾರೆ ಎಂಬುದು ಪಠ್ಯಪುಸ್ತಕಗಳ ವಿವರಣೆ. ಅದು ಸುಳ್ಳಲ್ಲ, ಆದರೆ ಅರ್ಧ ಮಾತ್ರ. ಉಳಿದರ್ಧವನ್ನು ಅರಿಯಲು ಒಂದು ಬಿರುಕು ಹುಟ್ಟುವುದನ್ನು ಹತ್ತಿರದಿಂದ ನೋಡಬೇಕು.

ಮೊದಲು ಒಂದು ಮಾತು. ಮಾರುಕಟ್ಟೆಯಲ್ಲಿ ಯಾವ ಕರೆನ್ಸಿಗೂ ಒಂದೇ ದರ ಎಂಬುದು ಇರುವುದಿಲ್ಲ, ಎರಡಿರುತ್ತವೆ. ನೀವು ಮಾರುವಾಗ ಸಿಗುವುದು ಬಿಡ್, ಕೊಳ್ಳುವಾಗ ತೆರಬೇಕಾದದ್ದು ಆಸ್ಕ್. ಇವೆರಡರ ನಡುವಿನ ಅಂತರ ಸ್ಪ್ರೆಡ್. ಸುದ್ದಿ ತಾಣಗಳಲ್ಲಿ ಕಾಣುವ ಒಂಟಿ ದರ ಸಾಮಾನ್ಯವಾಗಿ ಇವೆರಡರ ನಡುಬಿಂದು, ಅದೂ ಕೆಲವು ದಶಮಾಂಶ ಸ್ಥಾನಗಳಿಗೆ ಸರಿಹೊಂದಿಸಿದ್ದು. ಆ ದರಗಳನ್ನು ಗುಣಿಸಿ ಕೂತರೆ ದಿನಕ್ಕೆ ನೂರಾರು ಬಿರುಕುಗಳು ಸಿಗುತ್ತವೆ, ಆದರೆ ಆ ದರದಲ್ಲಿ ಕೊಡುವವರಾಗಲಿ ಕೊಳ್ಳುವವರಾಗಲಿ ಯಾರೂ ಇರುವುದಿಲ್ಲ.

ಈಗ ಉದಾಹರಣೆಗೆ ಬರೋಣ. ಲೆಕ್ಕ ಹಿಡಿಯಲು ಸುಲಭವಾಗಲಿ ಎಂದು ಅಂಕಿಗಳನ್ನು ನಾನೇ ಇಟ್ಟುಕೊಂಡಿದ್ದೇನೆ. ಯೂರೋ-ಡಾಲರ್ 1.0850ಕ್ಕೆ ಬಿಡ್, 1.0851ಕ್ಕೆ ಆಸ್ಕ್. ಡಾಲರ್-ಯೆನ್ 150.24 ಮತ್ತು 150.25. ಯೂರೋ-ಯೆನ್ ನೇರ ದರ 163.01 ಮತ್ತು 163.03. ಡಾಲರ್ ಮೂಲಕ ಸುತ್ತಿ ಯೂರೋ ಮಾರಿದರೆ 1.0850 × 150.24, ಅಂದರೆ 163.010 ಯೆನ್ ಸಿಗುತ್ತದೆ. ಸುತ್ತಿ ಕೊಂಡರೆ 1.0851 × 150.25, ಅಂದರೆ 163.036 ಯೆನ್ ಬೀಳುತ್ತದೆ. ನೇರ ದಾರಿಗೂ ಸುತ್ತುದಾರಿಗೂ ವ್ಯತ್ಯಾಸ ಇಲ್ಲವೆನ್ನುವಷ್ಟು ಕಡಿಮೆ. ಬಿರುಕಿಲ್ಲ.

ಅಷ್ಟರಲ್ಲಿ ಯಾರೋ ಒಬ್ಬರು ದೊಡ್ಡ ಮೊತ್ತದ ಡಾಲರ್ ಮಾರಿ ಯೆನ್ ಕೊಳ್ಳುತ್ತಾರೆ. ಡಾಲರ್-ಯೆನ್ ದರ 150.20 ಮತ್ತು 150.21ಕ್ಕೆ ಕುಸಿಯುತ್ತದೆ. ಸುತ್ತುದಾರಿಯಲ್ಲಿ ಯೂರೋ ಕೊಳ್ಳಲು ಈಗ 1.0851 × 150.21, ಅಂದರೆ 162.993 ಯೆನ್ ಸಾಕು. ಆದರೆ ಯೂರೋ-ಯೆನ್ ಪುಸ್ತಕದಲ್ಲಿ 163.01ಕ್ಕೆ ಕೊಳ್ಳುತ್ತೇನೆಂದು ಯಾರೋ ಹಾಕಿದ್ದ ಬಿಡ್ ಇನ್ನೂ ಹಾಗೇ ನಿಂತಿದೆ. ಬಿರುಕು ಎಂದರೆ ಅದೇ. ಮಾರುಕಟ್ಟೆಯ ಯಾವುದೋ ನಿಗೂಢ ಅಸಮತೋಲನವೇನಲ್ಲ, ಒಬ್ಬರ ಬಿಡ್ ಹಳೆಯದಾಗಿದೆ, ಅಷ್ಟೇ. ಜಗತ್ತು ಮುಂದೆ ಹೋಗಿದೆ, ಅದು ಹಿಂದೆ ಉಳಿದಿದೆ.

ಹತ್ತು ಲಕ್ಷ ಯೂರೋ ಇರುವವರು ಈಗ ಏನು ಮಾಡಬಹುದು? ಯೂರೋವನ್ನು 163.01ಕ್ಕೆ ಮಾರಿದರೆ 16 ಕೋಟಿ 30 ಲಕ್ಷ 10 ಸಾವಿರ ಯೆನ್ ಬರುತ್ತದೆ. ಆ ಯೆನ್ ಕೊಟ್ಟು 150.21ರಂತೆ ಡಾಲರ್ ಕೊಂಡರೆ 10,85,214 ಡಾಲರ್. ಆ ಡಾಲರ್ ಕೊಟ್ಟು 1.0851ರಂತೆ ಮತ್ತೆ ಯೂರೋ ಕೊಂಡರೆ 10,00,105 ಯೂರೋ. ಹೊರಟಲ್ಲಿಗೇ ಮರಳಿದಾಗ ಕೈಯಲ್ಲಿ 105 ಯೂರೋ ಹೆಚ್ಚು. ಶೇಕಡಾವಾರು ಹೇಳಿದರೆ 0.01, ಅಂದರೆ ಒಂದು ಬೇಸಿಸ್ ಪಾಯಿಂಟ್. ಇದೇ ಲೆಕ್ಕವನ್ನು ನಡುಬಿಂದು ದರಗಳಲ್ಲಿ ಮಾಡಿದ್ದರೆ ಲಾಭ ಸುಮಾರು 246 ಯೂರೋ ಎಂದು ಕಾಣುತ್ತಿತ್ತು. ಅದರ ಅರ್ಧಕ್ಕಿಂತ ಹೆಚ್ಚನ್ನು ಮೂರು ಸ್ಪ್ರೆಡ್‌ಗಳು ನುಂಗಿವೆ.

ಈಗ ಆ 163.01ರ ಬಿಡ್ ಹಾಕಿದವರ ಕಡೆಯಿಂದ ನೋಡಿ. ಈ ವಿಷಯದ ಕೀಲಿ ಇರುವುದು ಇಲ್ಲಿ ಎಂದು ನನ್ನ ನಂಬಿಕೆ, ಆದರೆ ಬಹಳಷ್ಟು ವಿವರಣೆಗಳು ಈ ಕಡೆ ತಿರುಗಿಯೂ ನೋಡುವುದಿಲ್ಲ. ಹೊಸ ದರಗಳ ಪ್ರಕಾರ ಯೂರೋದ ನ್ಯಾಯವಾದ ಬೆಲೆ ಸುಮಾರು 162.98 ಯೆನ್. ಅವರ ಬಿಡ್‌ಗೆ ಯಾರಾದರೂ ಮಾರಿಬಿಟ್ಟರೆ ಪ್ರತಿ ಯೂರೋಗೆ 0.03 ಯೆನ್ ಹೆಚ್ಚು ಕೊಟ್ಟಂತೆ. ಹತ್ತು ಲಕ್ಷ ಯೂರೋಗೆ 30,000 ಯೆನ್, ಅಂದರೆ ಸುಮಾರು 184 ಯೂರೋ ನಷ್ಟ. ಗಮನಿಸಿ: ಆರ್ಬಿಟ್ರೇಜ್ ಮಾಡುವವರಿಗೆ ಸಿಗುವುದು 105, ಬಿಡ್ ಹಾಕಿದವರು ಕಳೆದುಕೊಳ್ಳುವುದು 184. ಲಾಭ ಪಡೆಯಲು ಹೊರಟವರು ಇನ್ನೆರಡು ಜೋಡಿಗಳಲ್ಲಿ ಸ್ಪ್ರೆಡ್ ತೆತ್ತು ಸುತ್ತು ಮುಗಿಸಬೇಕು. ನಷ್ಟ ತಪ್ಪಿಸಿಕೊಳ್ಳಬೇಕಾದವರು ಬಿಡ್ ಹಿಂದಕ್ಕೆ ತೆಗೆದುಕೊಂಡರೆ ಸಾಕು, ಅದಕ್ಕೆ ಖರ್ಚೇ ಇಲ್ಲ. ಓಡುವ ಇಬ್ಬರಲ್ಲಿ ಹೆಚ್ಚು ಅವಸರ ಯಾರಿಗೆ ಎಂದು ಇನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾಗಿ ಬಿರುಕು ಮುಚ್ಚುವ ಬಗೆ ಎರಡು. ಯಾರಾದರೂ ಹಳೆಯ ಬಿಡ್‌ಗೆ ಮಾರಿ ಅದನ್ನು ಖಾಲಿ ಮಾಡಬಹುದು, ಇಲ್ಲವೇ ಹಾಕಿದವರೇ ಅದನ್ನು ಸರಿಪಡಿಸಿಕೊಳ್ಳಬಹುದು. ಎರಡನೆಯ ಬಗೆಯಲ್ಲಿ ಒಂದು ಯೂರೋ ಕೂಡ ಕೈ ಬದಲಾಗುವುದಿಲ್ಲ. ಯೂರೋ-ಯೆನ್ ದರ ನೀಡುವ ಬ್ಯಾಂಕುಗಳ ಗಣಕಗಳು ಆ ದರವನ್ನು ಶೂನ್ಯದಿಂದ ಹುಟ್ಟಿಸುವುದಿಲ್ಲ. ಯೂರೋ-ಡಾಲರ್ ಮತ್ತು ಡಾಲರ್-ಯೆನ್ ಹರಿವನ್ನು ನೋಡುತ್ತ, ಗುಣಿಸುತ್ತ, ತಮ್ಮ ಸ್ಪ್ರೆಡ್ ಸೇರಿಸುತ್ತ ದರವನ್ನು ಪ್ರಕಟಿಸುತ್ತವೆ. ಒಂದು ಜೋಡಿ ಅಲುಗಿದರೆ ಇನ್ನೊಂದರ ಕೋಟ್, ಅಂದರೆ ಪ್ರಕಟಿಸಿದ ದರ, ತಾನಾಗಿ ಅಲುಗುತ್ತದೆ. ಮೇಲಿನ ಸಮೀಕರಣ ಇವತ್ತು ಬಹುಮಟ್ಟಿಗೆ ದರ ತಯಾರಾಗುವ ಜಾಗದಲ್ಲೇ ಕೂತಿದೆ.

ಡಾಲರ್‌ಗೆ ಈ ಕೇಂದ್ರ ಸ್ಥಾನ ಬಂದಿರುವುದಕ್ಕೆ ಕಾರಣವಿದೆ. ಅಂತರರಾಷ್ಟ್ರೀಯ ಇತ್ಯರ್ಥ ಬ್ಯಾಂಕಿನ 2022ರ ಏಪ್ರಿಲ್ ಸಮೀಕ್ಷೆಯ ಪ್ರಕಾರ ವಿದೇಶಿ ವಿನಿಮಯ ಮಾರುಕಟ್ಟೆಯ ದಿನವಹಿ ವಹಿವಾಟು ಸುಮಾರು 7.5 ಲಕ್ಷ ಕೋಟಿ ಡಾಲರ್, ಅದರಲ್ಲಿ ಶೇಕಡಾ 88ರಷ್ಟು ವ್ಯವಹಾರಗಳ ಒಂದು ಬದಿಯಲ್ಲಿ ಡಾಲರ್ ಇತ್ತು. ಡಾಲರ್ ಜೋಡಿಗಳಲ್ಲಿ ಜನ ಹೆಚ್ಚು, ಸ್ಪ್ರೆಡ್ ಕಿರಿದು, ಸುದ್ದಿ ಮೊದಲು ತಟ್ಟುವುದೂ ಸಾಮಾನ್ಯವಾಗಿ ಅಲ್ಲೇ. ಡಾಲರ್ ಇಲ್ಲದ ಯೂರೋ-ಯೆನ್‌ನಂಥ ಜೋಡಿಗಳನ್ನು ಕ್ರಾಸ್ ಎನ್ನುತ್ತಾರೆ. ಹಳೆಯ ದರ ಉಳಿದುಹೋಗುವುದು ಹೆಚ್ಚಾಗಿ ಕ್ರಾಸ್‌ನಲ್ಲೇ.

ಎಲ್ಲ ಕಾಲದಲ್ಲೂ ಹೀಗಿರಲಿಲ್ಲ. ಬ್ಯಾಂಕುಗಳ ನಡುವೆ ಎಲೆಕ್ಟ್ರಾನಿಕ್ ವ್ಯವಹಾರ ನಡೆಸುವ ಇಬಿಎಸ್ ವೇದಿಕೆ 1993ರಲ್ಲಿ ಶುರುವಾದಾಗ ಅದರ ಮುಂದೆ ಕೂತಿದ್ದವರು ಮನುಷ್ಯರು. ಡಾಲರ್-ಯೆನ್ ಕುಸಿದದ್ದನ್ನು ಕಣ್ಣು ನೋಡಬೇಕು, ತನ್ನ ಕ್ರಾಸ್ ಕೋಟ್ ಹಳೆಯದಾಯಿತು ಎಂದು ಮನಸ್ಸಿಗೆ ಹೊಳೆಯಬೇಕು, ಬೆರಳು ಕೀಲಿಯ ಮೇಲೆ ಹೋಗಬೇಕು. ಇಷ್ಟಕ್ಕೆ ಒಂದೆರಡು ಸೆಕೆಂಡು ಹಿಡಿಯುವುದು ಸಹಜ. ಆ ವೇದಿಕೆಗೆ ಗಣಕಗಳು ನೇರವಾಗಿ ಆರ್ಡರ್ ಹಾಕಲು ಬಂದದ್ದು 2003ರಿಂದ ಈಚೆಗೆ. 2003ರಿಂದ 2007ರವರೆಗಿನ ದಾಖಲೆಗಳನ್ನು ಸಂಶೋಧಕರು ನಂತರ ಜಾಲಾಡಿದರು. ಅವರು ನೋಡಿದ್ದು ಇದೇ ಮೂರು ಜೋಡಿಗಳನ್ನು: ಯೂರೋ-ಡಾಲರ್, ಡಾಲರ್-ಯೆನ್, ಯೂರೋ-ಯೆನ್. ಗಣಕ ವ್ಯವಹಾರ ಹೆಚ್ಚಿದಂತೆ ತ್ರಿಕೋನ ಅವಕಾಶಗಳು ಕಡಿಮೆಯಾದದ್ದು ಅಂಕಿಗಳಲ್ಲೇ ಕಂಡಿತು. ಆಗ ಹೆಚ್ಚು ಕೆಲಸ ಮಾಡಿದ್ದು ಮೊದಲ ಬಗೆ: ಬೇರೆಯವರು ಹಾಕಿಟ್ಟ ಕೋಟ್‌ಗಳ ಮೇಲೆ ಗಣಕಗಳು ಎರಗಿ ವ್ಯವಹಾರ ಮಾಡುತ್ತಿದ್ದವು. ನಿಧಾನದ ಕೋಟ್ ಹಾಕುವವರಿಗೆ ಪೆಟ್ಟಿನ ಮೇಲೆ ಪೆಟ್ಟು ಬಿದ್ದರೆ ಅವರಿಗೆ ಉಳಿಯುವ ದಾರಿ ಎರಡೇ: ತಾವೂ ಗಣಕದಿಂದ ಕೋಟ್ ಹಾಕುವುದು ಅಥವಾ ಜಾಗ ಬಿಡುವುದು.

ಅದೇ ದಶಕದ ದರಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ನನ್ನ ಗಮನ ಸೆಳೆದ ಸಂಗತಿ ಒಂದಿದೆ. ನಡುಬಿಂದುಗಳನ್ನು ಬಿಟ್ಟು, ನಿಜವಾಗಿ ವ್ಯವಹರಿಸಬಹುದಾದ ದರಗಳನ್ನೇ ಹಿಡಿದು ನೋಡಿದಾಗಲೂ ಬಿರುಕುಗಳು ಸಿಕ್ಕವು, ಆದರೆ ಬಹುಪಾಲು ಅಲ್ಪಾಯುಷಿ, ಅಲ್ಪ ಗಾತ್ರದವು. ವಹಿವಾಟು ಜೋರಾಗಿರುವ ಹೊತ್ತಿನಲ್ಲಿ ಬಿರುಕುಗಳ ಸಂಖ್ಯೆ ಹೆಚ್ಚು, ಆಯುಸ್ಸು ಕಡಿಮೆ. ಮೊದಲ ನೋಟಕ್ಕೆ ಇದು ವಿಚಿತ್ರ ಎನಿಸುತ್ತದೆ, ಜನ ಹೆಚ್ಚಿದ್ದರೆ ಬಿರುಕು ಕಡಿಮೆ ಇರಬೇಕಲ್ಲವೇ? ಆದರೆ ತಡವಾದ ಕೋಟ್ ಎಂಬ ಸಂಗತಿಯನ್ನು ಹಿಡಿದು ಯೋಚಿಸಿದರೆ ಗಂಟು ಬಿಚ್ಚುತ್ತದೆ. ಜೋರಿನ ಹೊತ್ತಿನಲ್ಲಿ ಮೂರೂ ದರಗಳು ಮತ್ತೆ ಮತ್ತೆ ಅಲುಗುತ್ತವೆ, ಅಲುಗಿದಷ್ಟು ಸಲವೂ ಯಾವುದೋ ಒಂದು ಕೋಟ್ ಕ್ಷಣಕಾಲ ಹಿಂದೆ ಬೀಳುತ್ತದೆ. ಹಾಗೆ ಬಿದ್ದದ್ದನ್ನು ಹಿಡಿಯುವ, ಸರಿಪಡಿಸುವ ಕೈಗಳೂ ಆಗಲೇ ಹೆಚ್ಚು.

ಬಿರುಕು ಮುಚ್ಚಲು ಇನ್ನೂ ಒಂದು ಶಕ್ತಿ ಸದ್ದಿಲ್ಲದೆ ಕೆಲಸ ಮಾಡುತ್ತದೆ, ಅದಕ್ಕೆ ತ್ರಿಕೋನ ಸುತ್ತುವ ಉದ್ದೇಶವೇ ಇಲ್ಲ. ಯಾವುದೋ ಕಂಪನಿಯ ಪರವಾಗಿ ಯೆನ್ ಕೊಟ್ಟು ಯೂರೋ ಕೊಳ್ಳಬೇಕಾದ ಬ್ಯಾಂಕ್ ಒಂದಿದೆ ಎನ್ನಿ. ನೇರ ದರ 162.98 ಮತ್ತು 163.00 ಇದೆ, ಸುತ್ತುದಾರಿಯ ಆಸ್ಕ್ ಮೇಲಿನಂತೆ 162.993. ಇಲ್ಲಿ ಆರ್ಬಿಟ್ರೇಜ್ ಸಾಧ್ಯವಿಲ್ಲ, ಏಕೆಂದರೆ 162.993ಕ್ಕೆ ಕೊಂಡು 162.98ಕ್ಕೆ ಮಾರಿದರೆ ನಷ್ಟ. ಆದರೆ ಬ್ಯಾಂಕ್ ಹೇಗೂ ಯೂರೋ ಕೊಳ್ಳಲೇಬೇಕು. 163.00 ಕೊಡುವ ಬದಲು ಡಾಲರ್ ಮೂಲಕ ಹೋಗಿ 162.993ಕ್ಕೆ ಕೊಳ್ಳುತ್ತದೆ. ಅದಕ್ಕೆ ಹೊರಟಲ್ಲಿಗೆ ಮರಳುವ ಅಗತ್ಯವಿಲ್ಲವಾದ್ದರಿಂದ ಇಡೀ ಸುತ್ತಿನ ಖರ್ಚು ಬೀಳುವುದಿಲ್ಲ. ಹೀಗೆ ದಾರಿ ಆರಿಸಿಕೊಳ್ಳುವ ಆರ್ಡರ್‌ಗಳು ಸುತ್ತುದಾರಿಯ ಆಸ್ಕ್ ಅನ್ನು ಮೇಲಕ್ಕೂ, ಗಿರಾಕಿ ತಪ್ಪಿದ ನೇರ ಆಸ್ಕ್ ಅನ್ನು ಕೆಳಕ್ಕೂ ತಳ್ಳುತ್ತವೆ. ದರಗಳು ಆರ್ಬಿಟ್ರೇಜ್ ಮಾಡುವಷ್ಟು ದೂರ ಸರಿಯುವ ಮೊದಲೇ ಅವುಗಳನ್ನು ಒಟ್ಟಿಗೆ ಎಳೆದು ತರುವವರು ಇವರು.

ಇಷ್ಟಾದರೂ ಹಳೆಯ ಬಿಡ್ ಒಂದು ಕಣ್ಣಿಗೆ ಬಿತ್ತು ಎಂದುಕೊಳ್ಳಿ. 105 ಯೂರೋ ಕೈಗೆ ಬರಬೇಕಾದರೆ ಮೂರು ವ್ಯವಹಾರಗಳೂ ಅಂದುಕೊಂಡ ದರದಲ್ಲೇ ನಡೆಯಬೇಕು. ಇವುಗಳನ್ನು ಮಾರುಕಟ್ಟೆಯವರು ಲೆಗ್ ಎನ್ನುತ್ತಾರೆ. ಮೊದಲ ಎರಡು ಲೆಗ್ ಮುಗಿದು ಕೈಯಲ್ಲಿ 10,85,214 ಡಾಲರ್ ಇದೆ. ಮೂರನೆಯದಕ್ಕೆ ಹೋಗುವಷ್ಟರಲ್ಲಿ ಯೂರೋ-ಡಾಲರ್ ಆಸ್ಕ್ 1.0851ರಿಂದ 1.0853ಕ್ಕೆ ಏರಿದೆ. ನಾಲ್ಕನೆಯ ದಶಮಾಂಶದಲ್ಲಿ ಎರಡು ಅಂಕಿ, ಮಾರುಕಟ್ಟೆಯ ಮಾತಿನಲ್ಲಿ ಎರಡು ಪಿಪ್. ಈ ದರದಲ್ಲಿ ಮರಳಿ ಸಿಗುವುದು 9,99,921 ಯೂರೋ. 105ರ ಲಾಭ 79ರ ನಷ್ಟವಾಗಿದೆ. ಡಾಲರ್ ಇದ್ದಕ್ಕಿದ್ದಂತೆ ಕುಸಿದದ್ದರಿಂದಲೇ ಈ ಬಿರುಕು ಹುಟ್ಟಿದ್ದು ಎಂಬುದನ್ನು ಮರೆಯಬಾರದು. ಯೆನ್ ಎದುರು ಕುಸಿದ ಡಾಲರ್ ಮರುಕ್ಷಣ ಯೂರೋ ಎದುರೂ ಕುಸಿಯುವ ಸಾಧ್ಯತೆ ಬೇಕಾದಷ್ಟಿದೆ, ಅಂದರೆ ಮೂರನೆಯ ಲೆಗ್ ನಮ್ಮ ವಿರುದ್ಧ ದಿಕ್ಕಿಗೇ ಜಾರುತ್ತದೆ.

ಆದ್ದರಿಂದ ಮೂರು ಆರ್ಡರ್‌ಗಳನ್ನೂ ಒಟ್ಟಿಗೇ ಕಳಿಸುವುದು ರೂಢಿ, ಕೇಳಿದ ದರ ಸಿಗದಿದ್ದರೆ ತಕ್ಷಣ ರದ್ದಾಗಲಿ ಎಂಬ ಷರತ್ತಿನೊಂದಿಗೆ. ಅದರಿಂದ ಕೆಟ್ಟ ದರ ಸಿಗುವುದು ತಪ್ಪುತ್ತದೆ, ಆದರೆ ಎರಡು ಲೆಗ್ ನಡೆದು ಒಂದು ರದ್ದಾಗುವುದು ತಪ್ಪುವುದಿಲ್ಲ. ಪ್ರತಿ ಲೆಗ್ ದಕ್ಕುವ ಸಾಧ್ಯತೆ ಶೇಕಡಾ 90 ಎಂದುಕೊಂಡರೂ ಮೂರೂ ದಕ್ಕುವ ಸಾಧ್ಯತೆ 0.9 × 0.9 × 0.9, ಅಂದರೆ ಸುಮಾರು ಶೇಕಡಾ 73. ಮಾಮೂಲಿ ಬಿರುಕು ಒಂದು ಬೇಸಿಸ್ ಪಾಯಿಂಟ್‌ಗಿಂತ ಬಹಳ ಚಿಕ್ಕದು, ಹತ್ತು ಲಕ್ಷಕ್ಕೆ 30 ಯೂರೋ ಕೊಡುವಂಥದ್ದು ಎನ್ನೋಣ. ತಪ್ಪಿದಾಗಲೆಲ್ಲ ಮೇಲಿನಂತೆ 79 ಹೋಗುತ್ತದೆ ಎಂದಿಟ್ಟುಕೊಂಡರೆ ನೂರು ಪ್ರಯತ್ನಗಳಲ್ಲಿ 73 ಸಲ ಗೆದ್ದು 2,190 ಯೂರೋ ಬರುತ್ತದೆ, 27 ಸಲ ಸೋತು 2,133 ಹೋಗುತ್ತದೆ. ಉಳಿದದ್ದು 57 ಯೂರೋ. ನೂರು ಪ್ರಯತ್ನಗಳ ಸುಮಾರು ಮುನ್ನೂರು ವ್ಯವಹಾರಗಳಿಗೆ ವೇದಿಕೆಯ ಶುಲ್ಕ ಕಟ್ಟಿದರೆ ಅದೂ ಉಳಿಯದು. ದೀರ್ಘ ಕಾಲ ಲಾಭದಲ್ಲಿರಬೇಕಾದರೆ ಉಳಿದವರೆಲ್ಲರನ್ನೂ ಹಿಂದಿಕ್ಕಿ ಅಸಾಧ್ಯವೆನ್ನುವಷ್ಟು ದೊಡ್ಡ ಪಾಲಿನ ದರಗಳನ್ನು ಮೊದಲು ಮುಟ್ಟಬೇಕು ಎಂದೇ ಮೇಲೆ ಹೇಳಿದ 2009ರ ಅಧ್ಯಯನವೂ ಕಂಡುಕೊಂಡಿತು.

ಇನ್ನು ಕೆಲವು ಬಿರುಕುಗಳು ಹುಟ್ಟಿಯೇ ಇರುವುದಿಲ್ಲ. ಗಾಜಿನ ತಂತುವಿನಲ್ಲಿ ಬೆಳಕು ಒಂದು ಮಿಲಿಸೆಕೆಂಡಿಗೆ ಸುಮಾರು 200 ಕಿಲೋಮೀಟರ್ ಸಾಗುತ್ತದೆ. ಲಂಡನ್‌ನಿಂದ ನ್ಯೂಯಾರ್ಕಿಗೆ ನೇರ ದೂರ ಸುಮಾರು 5,570 ಕಿಲೋಮೀಟರ್, ಹಾಗಾಗಿ ಅಲ್ಲಿಯ ದರ ಇಲ್ಲಿಗೆ ತಲುಪಲು ಕನಿಷ್ಠ 28 ಮಿಲಿಸೆಕೆಂಡು ಬೇಕು. ಲಂಡನ್‌ನಿಂದ ಟೋಕಿಯೋಗೆ 48ರ ಆಸುಪಾಸು, ಕೇಬಲ್ ನೇರವಾಗಿ ಹೋಗದ್ದರಿಂದ ವಾಸ್ತವದಲ್ಲಿ ಇನ್ನೂ ಹೆಚ್ಚು. ಲಂಡನ್‌ನ ಗಣಕ ತನ್ನ ಪಕ್ಕದ ಯೂರೋ-ಡಾಲರ್ ದರವನ್ನೂ ಟೋಕಿಯೋದಿಂದ ಬಂದ ಡಾಲರ್-ಯೆನ್ ದರವನ್ನೂ ಗುಣಿಸುವಾಗ ಒಂದು ಈ ಕ್ಷಣದ್ದು, ಇನ್ನೊಂದು ಐವತ್ತು ಮಿಲಿಸೆಕೆಂಡು ಹಿಂದಿನದು. ಗುಣಲಬ್ಧದಲ್ಲಿ ಬಿರುಕು ಕಂಡರೆ ಅದು ದರಗಳದ್ದಾಗಿರದೆ ಗಡಿಯಾರಗಳದ್ದಾಗಿರಬಹುದು. ತಾನು ದಾಖಲಿಸಿದ ಅಂಕಿಗಳಲ್ಲಿ ಅವಕಾಶ ಕಂಡವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದೇ: ಈ ಮೂರು ದರಗಳ ಸಮಯಮುದ್ರೆಯನ್ನು ಯಾರ ಗಡಿಯಾರ ಹಾಕಿದ್ದು, ದರ ಹೊರಟಾಗಲೋ ಬಂದು ಮುಟ್ಟಿದಾಗಲೋ? ಬಿರುಕಿನ ಆಯುಸ್ಸು ದಾರಿಯ ವಿಳಂಬಕ್ಕಿಂತ ಕಡಿಮೆಯಿದ್ದರೆ ನಮ್ಮ ಆರ್ಡರ್ ಅಲ್ಲಿಗೆ ಮುಟ್ಟುವ ಹೊತ್ತಿಗೆ ಅದು ಇರುವುದಿಲ್ಲ. ವ್ಯವಹಾರ ಸಂಸ್ಥೆಗಳು ತಮ್ಮ ಗಣಕಗಳನ್ನು ವೇದಿಕೆಯ ಗಣಕ ಇರುವ ಕಟ್ಟಡದಲ್ಲೇ ಬಾಡಿಗೆಗೆ ಇಡುವುದು ಇದಕ್ಕೇ. ಈ ಓಟ ಅತಿಯಾಯಿತೆಂದು ಇಬಿಎಸ್ 2013ರಲ್ಲಿ, ಕೆಲವೇ ಮಿಲಿಸೆಕೆಂಡುಗಳ ಒಳಗೆ ಬಂದ ಆರ್ಡರ್‌ಗಳನ್ನು ಒಂದು ಗುಂಪಾಗಿಸಿ ಸರದಿಯನ್ನು ಕಲೆಸುವ ಕ್ರಮ ತಂದಿತು. ಒಂದೆರಡು ಮೈಕ್ರೋಸೆಕೆಂಡು ಮುಂಚೆ ಬಂದವರೇ ಗೆಲ್ಲುತ್ತಾರೆಂಬ ಖಾತರಿ ಅಲ್ಲಿಗೆ ತಪ್ಪಿತು.

ಬ್ಯಾಂಕುಗಳು ತಮ್ಮ ಗಿರಾಕಿಗಳಿಗೆ ನೇರವಾಗಿ ಕೊಡುವ ದರಗಳಲ್ಲಿ ಮತ್ತೊಂದು ತೊಡಕಿದೆ, ಅದರ ಹೆಸರು ಲಾಸ್ಟ್ ಲುಕ್. ತೆರೆಯ ಮೇಲಿನ ದರವನ್ನು ನೀವು ಒಪ್ಪಿಕೊಂಡ ಮೇಲೂ ಬ್ಯಾಂಕ್ ಸ್ವಲ್ಪ ಹೊತ್ತು ತೆಗೆದುಕೊಂಡು, ದರ ಇನ್ನೂ ಸರಿಯಾಗಿದೆಯೇ ಎಂದು ನೋಡಿ, ಬೇಡವೆಂದರೆ ತಿರಸ್ಕರಿಸಬಹುದು. 2017ರಲ್ಲಿ ಬಂದ ಜಾಗತಿಕ ವಿದೇಶಿ ವಿನಿಮಯ ಸಂಹಿತೆಯ 17ನೇ ತತ್ವ ಈ ಪದ್ಧತಿಯ ಕುರಿತೇ ಇದೆ. ಅದನ್ನು ಬಳಸುವವರು ಪಾರದರ್ಶಕವಾಗಿರಬೇಕು ಎನ್ನುತ್ತದೆ, ಪದ್ಧತಿಯನ್ನು ನಿಷೇಧಿಸುವುದಿಲ್ಲ. ನಮ್ಮ ಉದಾಹರಣೆಯ 163.01ರ ಬಿಡ್ ಇಂಥ ದರವಾಗಿದ್ದರೆ ಏನಾಗುತ್ತಿತ್ತು? ಹಳೆಯ ದರವನ್ನು ಹಿಡಿದು ಮಾರಲು ಬಂದವರನ್ನು ತಡೆಯುವುದೇ ಆ ಪರಿಶೀಲನೆಯ ಒಂದು ಉದ್ದೇಶ. ಉಳಿದೆರಡು ಲೆಗ್ ಅಷ್ಟರಲ್ಲಿ ನಡೆದುಹೋಗಿದ್ದರೆ ಆ ಹೊರೆ ನಮ್ಮ ಹೆಗಲಿಗೇ. ತೆರೆಯಲ್ಲಿ ಮಾತ್ರ ಬಿರುಕು ಇತ್ತು ಎಂದೇ ದಾಖಲಾಗಿರುತ್ತದೆ. ಇದನ್ನು ಪತ್ತೆ ಮಾಡುವ ದಾರಿ ಸರಳ: ಲಾಭದ ಆರ್ಡರ್‌ಗಳು ಎಷ್ಟು ತಿರಸ್ಕೃತವಾದವು, ಲಾಭವಿಲ್ಲದ ಮಾಮೂಲಿ ಆರ್ಡರ್‌ಗಳು ಎಷ್ಟು ತಿರಸ್ಕೃತವಾದವು ಎಂದು ಬೇರೆ ಬೇರೆ ಎಣಿಸಿ ನೋಡುವುದು. ಎರಡರ ನಡುವೆ ದೊಡ್ಡ ಅಂತರವಿದ್ದರೆ ಆ ಬಿರುಕುಗಳನ್ನು ಲೆಕ್ಕಕ್ಕೇ ಹಿಡಿಯಬಾರದು.

ಹಾಗಾದರೆ ಬಿರುಕುಗಳು ತೆರೆದೇ ಉಳಿಯುವುದು ಯಾವಾಗ? ದರ ಕೊಡುವವರೇ ಹಿಂದೆ ಸರಿದಾಗ. 2015ರ ಜನವರಿ 15ರ ಬೆಳಿಗ್ಗೆ ಸ್ವಿಸ್ ನ್ಯಾಷನಲ್ ಬ್ಯಾಂಕ್ ಒಂದು ಯೂರೋಗೆ 1.20 ಫ್ರಾಂಕ್ ಎಂಬ ಕನಿಷ್ಠ ಮಿತಿಯನ್ನು ಮುನ್ಸೂಚನೆಯಿಲ್ಲದೆ ಕೈಬಿಟ್ಟಿತು. 2011ರ ಸೆಪ್ಟೆಂಬರ್‌ನಿಂದ ಎಲ್ಲರೂ ನೆಚ್ಚಿಕೊಂಡಿದ್ದ ನೆಲ ಅದು. ಕೆಲವೇ ನಿಮಿಷಗಳಲ್ಲಿ ಯೂರೋ ಒಂದು ಫ್ರಾಂಕ್‌ಗಿಂತಲೂ ಕೆಳಗೆ ಹೋಯಿತು. ಫ್ರಾಂಕ್‌ನ ನ್ಯಾಯವಾದ ಬೆಲೆ ಎಷ್ಟು ಎಂದು ಯಾರಿಗೂ ಗೊತ್ತಿರಲಿಲ್ಲ, ಹಾಗಾಗಿ ಬ್ಯಾಂಕುಗಳು ಕೋಟ್ ಹಿಂತೆಗೆದುಕೊಂಡವು, ಉಳಿದವು ಸ್ಪ್ರೆಡ್ ಹಿಗ್ಗಿಸಿದವು. ಅಂಥ ಹೊತ್ತಿನಲ್ಲಿ ಯೂರೋ-ಡಾಲರ್, ಡಾಲರ್-ಫ್ರಾಂಕ್, ಯೂರೋ-ಫ್ರಾಂಕ್‌ಗಳ ಕಡೆಯ ದರಗಳನ್ನು ತೆಗೆದುಕೊಂಡು ಗುಣಿಸಿದರೆ ಸಮೀಕರಣದ ಎರಡು ಬದಿಗಳು ಎಷ್ಟೋ ದೂರ ಇರಬಹುದು, ಸೆಕೆಂಡುಗಟ್ಟಲೆ ಹಾಗೇ ಇರಬಹುದು. ಆದರೆ ಆ ಅಂತರದ ಒಂದು ತುದಿಯಲ್ಲಿರುವುದು ಮುಗಿದುಹೋದ ವ್ಯವಹಾರದ ದರ. ಮೊದಲ ಲೆಗ್‌ನಲ್ಲಿ ಫ್ರಾಂಕ್ ಮಾರಿದವರಿಗೆ ಮೂರನೆಯ ಲೆಗ್‌ನಲ್ಲಿ ಫ್ರಾಂಕ್ ಕೊಡುವವರು ಆ ದರದಲ್ಲಿ ಯಾರೂ ಇರಲಿಲ್ಲ.